57 ಸುರಂಗ, ಎರಡು ಹಾಳೆ ಬಿಂದಿ

ಬೆಂಗಳೂರಿನಿಂದ ಮಂಗಳೂರಿಗೆ ಹಗಲು ಹೊತ್ತು ಹೋಗುವ ರೈಲು ಸಕಲೇಶಪುರ ಬಿಟ್ಟು ದೋಣಿಗಲ್ ಕಡೆ ಇಳಿಯತೊಡಗಿದಂತೆ ಬೋಗಿಯಲ್ಲಿನ ಮೊಬೈಲುಗಳು ಒಂದೊಂದಾಗಿ ಸಿಗ್ನಲ್ ಕಳೆದುಕೊಳ್ಳುತ್ತವೆ. ಅಲ್ಲಿಯವರೆಗೆ ಅಪ್ಪನ ಫೋನು ಹಿಡಿದು ತೆಪ್ಪಗೆ ಕೂತಿದ್ದ ಮಗುವಿನ ಕಾರ್ಟೂನು ಅರ್ಧಕ್ಕೇ ನಿಲ್ಲುತ್ತದೆ. ಘಾಟಿ ಇಳಿದು ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಮುಟ್ಟಲು ಇನ್ನೂ ಎರಡು ಗಂಟೆಗೂ ಹೆಚ್ಚು ಹೊತ್ತು ಬೇಕು. ಹಾಸನದವರೆಗೆ ಆಟಕ್ಕೆ ಒಗ್ಗಿಸಿದ್ದರೆ ಆ ಎರಡು ಗಂಟೆ ಇಡೀ ಪ್ರಯಾಣದ ಹಬ್ಬವಾಗುತ್ತದೆ. ಬೆಳಿಗ್ಗೆಯಿಂದ ಫೋನು ಕೊಟ್ಟು ಕೂರಿಸಿದ್ದರೆ, ಕಿಟಕಿಯಾಚೆ ಎಂಥ ಕಣಿವೆ ಬಂದರೂ ಮಗು ಅದನ್ನು ನೋಡುವ ಮನಸ್ಸಿನಲ್ಲಿ ಇರುವುದಿಲ್ಲ.

ಐದು ವರ್ಷದ ಮಗುವನ್ನು ಹತ್ತು ಗಂಟೆ ಹೊತ್ತು ಫೋನಿಲ್ಲದೆ ಕರೆದೊಯ್ಯುವುದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಆಟದ ಸಾಮಾನುಗಳ ಪಟ್ಟಿ. ಈ ವಯಸ್ಸಿನಲ್ಲಿ ದೊಡ್ಡವರು ಕೊಟ್ಟ ಒಂದು ಆಟದಲ್ಲಿ ಮನಸ್ಸು ನಿಲ್ಲುವುದು ಹತ್ತು, ಹೆಚ್ಚೆಂದರೆ ಹದಿನೈದು ನಿಮಿಷ. ಆ ಲೆಕ್ಕದಲ್ಲಿ ಮಂಗಳೂರು ಮುಟ್ಟಲು ನಲವತ್ತು ಆಟ ಬೇಕಾಗುತ್ತದೆ. ಅಷ್ಟನ್ನು ಯಾರೂ ಹೊತ್ತೊಯ್ಯಲಾರರು, ಒಯ್ಯುವ ಅಗತ್ಯವೂ ಇಲ್ಲ. ಆರೇಳು ಆಟ ಸಾಕು. ಅವನ್ನು ಯಾವ ಸರದಿಯಲ್ಲಿ, ದಾರಿಯ ಯಾವ ಜಾಗದಲ್ಲಿ ತೆಗೆಯಬೇಕು ಎಂಬುದು ಮುಖ್ಯ. ಅದನ್ನು ತೀರ್ಮಾನಿಸಲು ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಆಟ ಆಡುವಾಗ ಮಗುವಿನ ಕಣ್ಣು ಎಲ್ಲಿರುತ್ತದೆ? ಕಿಟಕಿಯ ಆಚೆಯೋ, ಕೈಯ ಮೇಲೋ, ಅಥವಾ ಕಣ್ಣಿಗೆ ಕೆಲಸವೇ ಇಲ್ಲದೆ ಬರೀ ಬಾಯಿ ಕಿವಿಗಳ ಆಟವೋ?

ಹೀಗೆ ವಿಂಗಡಿಸುವುದಕ್ಕೆ ಕಾರಣವಿದೆ. ನಮ್ಮ ಒಳಗಿವಿಯಲ್ಲಿ ದೇಹದ ಚಲನೆಯನ್ನು ಗುರುತಿಸುವ ಅಂಗವಿದೆ. ಕಾರು ತಿರುವಿನಲ್ಲಿ ವಾಲಿದಾಗ ಅದು 'ಅಲ್ಲಾಡುತ್ತಿದ್ದೇನೆ' ಎಂದು ಮಿದುಳಿಗೆ ಹೇಳುತ್ತದೆ. ಅದೇ ಹೊತ್ತಿಗೆ ತೊಡೆಯ ಮೇಲಿನ ಪುಸ್ತಕವನ್ನು ದಿಟ್ಟಿಸುತ್ತಿರುವ ಕಣ್ಣು 'ಎಲ್ಲವೂ ನಿಂತಲ್ಲೇ ಇದೆ' ಎನ್ನುತ್ತದೆ. ಎರಡು ಸುದ್ದಿ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಎರಡು ವರ್ಷದಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಈ ತೊಂದರೆ ಎಲ್ಲರಿಗಿಂತ ಹೆಚ್ಚು. ಆದ್ದರಿಂದ ನೇರ ರಸ್ತೆಯಲ್ಲಿ ಒಳ್ಳೆಯದಾಗಿದ್ದ ಬಣ್ಣದ ಪುಸ್ತಕ ಘಾಟಿಯಲ್ಲಿ ವಾಂತಿಗೆ ಕಾರಣವಾಗುತ್ತದೆ. ಫೋನೂ ಅಷ್ಟೇ. ರೈಲಿನಲ್ಲಿ ವಾಲಾಟ ಕಡಿಮೆಯಾದ್ದರಿಂದ ಕೈಯಾಟಕ್ಕೆ ಹೆಚ್ಚು ಅವಕಾಶವಿದೆ. ಕಾರಿನಲ್ಲಿ ಬಹುಪಾಲು ಕಿಟಕಿಯ ಆಟ, ಬಾಯಿಯ ಆಟಗಳೇ ಗತಿ.

ಮೊದಲು ರೈಲಿನ ದಿನವನ್ನು ನೋಡೋಣ. ಯಶವಂತಪುರದಿಂದ ಬೆಳಿಗ್ಗೆ ಹೊರಟು ಕುಣಿಗಲ್, ಶ್ರವಣಬೆಳಗೊಳ, ಹಾಸನದ ಮೇಲೆ ಸಂಜೆಗೆ ಮಂಗಳೂರು ಜಂಕ್ಷನ್ ತಲುಪುವ ಗಾಡಿ. ಜೊತೆಗೆ ಅಮ್ಮ, ಅಜ್ಜಿ ಮತ್ತು ಐದು ವರ್ಷದ ಹುಡುಗಿ. ಅವಳನ್ನು ಪುಟ್ಟಿ ಎಂದು ಕರೆಯೋಣ.

ಎಲ್ಲಕ್ಕಿಂತ ಮೊದಲು, ಹಿಂದಿನ ರಾತ್ರಿಯೇ ಆಗಬೇಕಾದ ಕೆಲಸ ಒಂದು ದಾರಿಪಟ್ಟಿ. ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ನಾಲ್ಕು ಬೆರಳು ಅಗಲಕ್ಕೆ ಕತ್ತರಿಸಿ, ತುಂಡುಗಳನ್ನು ಅಂಟಿಸಿ ಉದ್ದನೆಯ ಪಟ್ಟಿ ಮಾಡಿ. ಅದರ ಮೇಲೆ ಹಳಿಯ ಹಾಗೆ ಎರಡು ಗೆರೆ ಎಳೆದು ಸ್ಟೇಷನ್ನುಗಳನ್ನು ಗುರುತಿಸಿ. ಎಲ್ಲ ರೈಲೂ ಎಲ್ಲ ಕಡೆ ನಿಲ್ಲುವುದಿಲ್ಲವಾದ್ದರಿಂದ ನಿಮ್ಮ ಗಾಡಿಯ ನಿಲುಗಡೆಗಳನ್ನು ನೋಡಿಕೊಂಡೇ ಬರೆಯಬೇಕು. ಹತ್ತು ಹೆಸರು ಸಾಕು. ಪ್ರತಿ ಹೆಸರಿನ ಪಕ್ಕ ಒಂದು ಸಣ್ಣ ಚಿತ್ರವಿರಲಿ: ಶ್ರವಣಬೆಳಗೊಳಕ್ಕೆ ಬೆಟ್ಟದ ಮೇಲಿನ ಗೊಮ್ಮಟ, ಹಾಸನಕ್ಕೆ ಇಡ್ಲಿ ಡಬ್ಬಿ, ಸಕಲೇಶಪುರಕ್ಕೆ ಕಾಫಿ ಗಿಡ, ಪುತ್ತೂರಿಗೆ ಅಡಿಕೆ ಮರ, ಬಂಟ್ವಾಳಕ್ಕೆ ನೇತ್ರಾವತಿಯ ಸೇತುವೆ, ಮಂಗಳೂರಿಗೆ ಚಿಕ್ಕಮ್ಮನ ಮನೆ. ಚಿತ್ರ ಚೆನ್ನಾಗಿ ಬರಬೇಕೆಂದೇನೂ ಇಲ್ಲ. ಮಗುವೇ ಬರೆದರೆ ಇನ್ನೂ ಒಳ್ಳೆಯದು.

ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಭೂಪಟದಲ್ಲಿರುವಂತೆ ಕಿಲೋಮೀಟರ್ ಲೆಕ್ಕಕ್ಕೆ ಗುರುತು ಹಾಕಿದರೆ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ಪಕ್ಕಪಕ್ಕದಲ್ಲಿ ಬಂದುಬಿಡುತ್ತವೆ, ಏಕೆಂದರೆ ಅವುಗಳ ನಡುವೆ ಇರುವುದು ಸುಮಾರು 55 ಕಿಲೋಮೀಟರ್ ಮಾತ್ರ. ಆದರೆ ಘಾಟಿಯಲ್ಲಿ ಗಾಡಿ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಇಳಿಯುವುದರಿಂದ ಅಷ್ಟು ದೂರಕ್ಕೇ ಅತಿ ಹೆಚ್ಚು ಹೊತ್ತು ಹಿಡಿಯುತ್ತದೆ. ಪಟ್ಟಿಯಲ್ಲಿ ಒಂದು ಬೆರಳಷ್ಟೇ ದೂರ ಕಾಣುವ ಊರು ಎರಡು ಗಂಟೆ ಕಳೆದರೂ ಬರದಿದ್ದರೆ ಮಗುವಿಗೆ ಪಟ್ಟಿಯ ಮೇಲಿನ ನಂಬಿಕೆಯೇ ಹೋಗುತ್ತದೆ. ಆದ್ದರಿಂದ ದೂರವನ್ನು ಬಿಟ್ಟು ಹೊತ್ತನ್ನು ಅಳೆಯಿರಿ, ಗಂಟೆಗೆ ಒಂದು ಗೇಣು. ಪಟ್ಟಿ ಹತ್ತು ಗೇಣಾಗುತ್ತದೆ. ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಕೈಚೀಲದಲ್ಲಿ ಕೂರುತ್ತದೆ.

ಇನ್ನೂ ಎಷ್ಟು ದೂರ ಎಂದು ಮಗು ಮತ್ತೆ ಮತ್ತೆ ಕೇಳುವುದು ಹಟದಿಂದಲ್ಲ. 'ಇನ್ನು ಮೂರು ಗಂಟೆ' ಎನ್ನುವ ಉತ್ತರ ಐದು ವರ್ಷಕ್ಕೆ ಅರ್ಥವಾಗುವುದಿಲ್ಲ, ಆದರೆ ಯಾವುದರ ಆಮೇಲೆ ಯಾವುದು ಎಂಬುದು ಚೆನ್ನಾಗಿ ಅರ್ಥವಾಗುತ್ತದೆ. "ಗೊಮ್ಮಟ ಆಯ್ತು, ಆಮೇಲೆ ಇಡ್ಲಿ, ಆಮೇಲೆ ಸುರಂಗ" ಎಂದು ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದರೆ ಸಾಕು. ಒಂದೊಂದು ಸ್ಟೇಷನ್ ಬಂದಾಗಲೂ ಪುಟ್ಟಿ ಆ ಹೆಸರಿನ ಮೇಲೆ ಒಂದು ಬಿಂದಿ ಅಂಟಿಸುತ್ತಾಳೆ. ಹಣೆಗಿಡುವ ಮಾಮೂಲಿ ಬಿಂದಿಯೇ. ಅಂಗಡಿಯ ಸ್ಟಿಕ್ಕರ್ ಪುಸ್ತಕಕ್ಕಿಂತ ಇದು ಅಗ್ಗ, ಮತ್ತು ಚಿಕ್ಕದು. ಹಾಳೆಯಿಂದ ಉಗುರಿನಲ್ಲಿ ಎಬ್ಬಿಸಿ ಬೇಕಾದ ಕಡೆ ಕೂರಿಸುವುದು ಈ ವಯಸ್ಸಿನ ಬೆರಳುಗಳಿಗೆ ತಕ್ಕಷ್ಟು ಕಷ್ಟದ ಕೆಲಸ. ಅಲುಗುವ ಗಾಡಿಯಲ್ಲಿ ಗೆರೆಯೊಳಗೆ ಬಣ್ಣ ತುಂಬಲು ಹೋದರೆ ಕೈ ಜಾರಿ ಮಗುವಿಗೆ ಸಿಟ್ಟು ಬರುತ್ತದೆ. ಬಿಂದಿಗೆ ಆ ತೊಂದರೆಯಿಲ್ಲ. ಬಣ್ಣ ಬೇಕೇ ಬೇಕೆಂದರೆ ಮೂರು ಮೂಲೆಯ ಮೇಣದ ಬಣ್ಣಕಡ್ಡಿ ಒಯ್ಯಿರಿ. ಗುಂಡಗಿರುವ ಕಡ್ಡಿ ಸೀಟಿನಡಿ ಉರುಳಿ ಹೋಗುತ್ತದೆ.

ಬೆಂಗಳೂರು ಬಿಟ್ಟ ಮೊದಲ ಒಂದು ಗಂಟೆ ಏನನ್ನೂ ಕೊಡಬೇಡಿ. ಸೀಟು, ಫ್ಯಾನು, ಕಿಟಕಿ, ಎದುರಿಗೆ ಕೂತವರು ಎಲ್ಲವೂ ಹೊಸದಾಗಿರುವಾಗ ಆಟದ ಸಾಮಾನು ಬೇಕಾಗುವುದಿಲ್ಲ. ನೆಲಮಂಗಲ ಬರುವ ಮುನ್ನವೇ ಚೀಲ ಖಾಲಿಯಾಗಿರುವುದನ್ನು ನಾನು ಎಷ್ಟೋ ಕುಟುಂಬಗಳಲ್ಲಿ ನೋಡಿದ್ದೇನೆ. ಕುಣಿಗಲ್ ದಾಟಿದ ಮೇಲೆ ಮೊದಲ ಕೈಯಾಟ ತೆಗೆಯಬಹುದು. ಸಾಮಾನುಗಳನ್ನು ಬೇರೆಬೇರೆಯಾಗಿ ಹಳೆ ಪೇಪರಿನಲ್ಲಿ ಸುತ್ತಿಟ್ಟಿದ್ದರೆ ಬಿಚ್ಚುವುದರಲ್ಲೇ ಸ್ವಲ್ಪ ಹೊತ್ತು ಹೋಗುತ್ತದೆ.

ಆ ಮೊದಲ ಪೊಟ್ಟಣದಲ್ಲಿ ನಾನು ಇಡುವುದು ಮೈದಾ ಹಿಟ್ಟಿನ ಉಂಡೆ. ಒಂದು ಕಪ್ ಮೈದಾಕ್ಕೆ ಅರ್ಧ ಕಪ್ ಪುಡಿ ಉಪ್ಪು ಬೆರೆಸಿ, ಅರ್ಧ ಕಪ್ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಬೇಕು. ನೀರು ಪೂರ್ತಿ ಬೇಕಾಗದೆಯೂ ಇರಬಹುದು. ಕೊನೆಗೆ ಒಂದು ಚಮಚ ಎಣ್ಣೆ ಹಾಕಿ ನಾದಿದರೆ ಕೈಗೆ ಅಂಟುವುದಿಲ್ಲ. ಅರ್ಧ ಉಂಡೆಗೆ ಚಿಟಿಕೆ ಅರಿಶಿನ, ಉಳಿದರ್ಧಕ್ಕೆ ಬೀಟ್‌ರೂಟ್ ರಸ ಸೇರಿಸಿದರೆ ಎರಡು ಬಣ್ಣ ಸಿಗುತ್ತವೆ. ಇಷ್ಟೊಂದು ಉಪ್ಪು ಎರಡು ಕಾರಣಕ್ಕೆ ಬೇಕು: ಹಿಟ್ಟು ದಿನವಿಡೀ ಹುಳಿಯದೆ ಇರುತ್ತದೆ, ಮತ್ತು ಒಮ್ಮೆ ನಾಲಿಗೆಗೆ ತಾಗಿಸಿದ ಮಗು ಎರಡನೇ ಸಲ ಬಾಯಿಗಿಡುವುದಿಲ್ಲ. ಮುಚ್ಚಳವಿರುವ ಡಬ್ಬಿಯಲ್ಲಿಡಿ. ಸೆಖೆಗೆ ನೀರು ಬಿಟ್ಟುಕೊಂಡು ಅಂಟಾದರೆ ಬೆರಸಲು ಎರಡು ಚಮಚ ಒಣ ಮೈದಾ ಜೊತೆಯಲ್ಲಿರಲಿ. ಡಬ್ಬಿಯ ಮುಚ್ಚಳವೇ ಲಟ್ಟಿಸುವ ಮಣೆ. ಪುಟ್ಟಿ ಅದರಲ್ಲಿ ಇಡ್ಲಿ, ಹಾವು, ರೈಲು ಬೋಗಿ ಮಾಡುತ್ತಾಳೆ. ಏನು ಮಾಡಬೇಕೆಂದು ಹೇಳಿಕೊಡದಿದ್ದರೆ ಆಟ ಹೆಚ್ಚು ಹೊತ್ತು ನಡೆಯುತ್ತದೆ. "ನನಗೊಂದು ತಿಂಡಿ ಮಾಡಿಕೊಡ್ತೀಯೇನೇ?" ಎಂದು ಅಜ್ಜಿ ಒಮ್ಮೆ ಕೇಳಿದರೆ ಸಾಕು, ಹೋಟೆಲು ತೆರೆಯುತ್ತದೆ.

ಕೈಯಾಟ ಸಾಕಾಯಿತೆಂದು ತಿಳಿಯುವುದು ಸುಲಭ. ಹಿಟ್ಟು ಕೆಳಗೆ ಬೀಳತೊಡಗುತ್ತದೆ, ಮಗು ಅದನ್ನು ಹಿಸುಕುವ ಬದಲು ಎಸೆಯತೊಡಗುತ್ತದೆ, ಮಾಡಿದ ನಿಯಮವನ್ನು ತಾನೇ ಮುರಿಯುತ್ತದೆ. ಆಗ ಇನ್ನೊಂದು ಕೈಯಾಟ ಕೊಟ್ಟರೆ ಅದು ಐದು ನಿಮಿಷವೂ ನಿಲ್ಲದು. ಬೆರಳು ದಣಿದಿದೆ, ಕಣ್ಣು ದಣಿದಿದೆ. ಆದ್ದರಿಂದ ಬದಲಿಸಬೇಕಾದದ್ದು ಆಟದ ಜಾತಿಯನ್ನು. ಕಣ್ಣನ್ನು ಕಿಟಕಿಯಾಚೆ ಕಳಿಸಿ, ಇಲ್ಲವೇ ಕೈಹಿಡಿದು ಬೋಗಿಯ ಈ ತುದಿಯಿಂದ ಆ ತುದಿಗೆ ನಡೆಸಿಕೊಂಡು ಬನ್ನಿ. ನಡೆಯುವಾಗ ಸೀಟಿನ ನಂಬರು ಹುಡುಕುವ ಆಟ ಆಡಬಹುದು: "33 ಎಲ್ಲಿದೆ, ತೋರಿಸು." ಐದರ ಮಗುವಿಗೆ ಕೂತಲ್ಲೇ ಕೂತಿರುವುದೇ ದೊಡ್ಡ ಶ್ರಮ. ಗಂಟೆಗೊಮ್ಮೆ ಕಾಲಿಗೆ ಕೆಲಸ ಸಿಗದಿದ್ದರೆ ಎಂಥ ಆಟವೂ ಕೆಲಸ ಮಾಡುವುದಿಲ್ಲ.

ಇನ್ನು ಕಿಟಕಿಯ ಆಟ. 'ಹಸು ಎಣಿಸು, ತೆಂಗಿನ ಮರ ಎಣಿಸು' ಎಂದರೆ ಮಕ್ಕಳಿಗೆ ಬೇಗ ಬೇಸರ ಬರುತ್ತದೆ. ಅವು ಎಲ್ಲ ಕಡೆ ಇವೆ, ಯಾವಾಗ ಬರುತ್ತವೆಂದು ಕಾಯುವ ಸುಖವಿಲ್ಲ. ರೈಲು ತಾನೇ ಕೊಡುವ ಒಂದು ಆಟ ಇದಕ್ಕಿಂತ ಎಷ್ಟೋ ಮೇಲು. ರೈಲ್ವೆ ಗೇಟು ಬರುವ ಮುಂಚೆ ಹಳಿಯ ಪಕ್ಕದಲ್ಲಿ ಹಳದಿ ಫಲಕವೊಂದು ನಿಂತಿರುತ್ತದೆ. ಅದರ ಮೇಲೆ ಕಪ್ಪಕ್ಷರದಲ್ಲಿ ಇಂಗ್ಲಿಷಿನ ಡಬ್ಲ್ಯು, ಎಲ್ ಎಂದೂ ಹಿಂದಿಯ ಸೀ, ಫಾ ಎಂದೂ ಬರೆದಿರುತ್ತದೆ. ಮುಂದೆ ಗೇಟಿದೆ, ಹಾರ್ನ್ ಮಾಡು ಎಂದು ಚಾಲಕನಿಗೆ ಹೇಳುವ ಫಲಕ ಅದು. ಎಂಜಿನ್ನು ಫಲಕದ ಹತ್ತಿರ ಬಂದಾಗ ಹಾರ್ನ್ ಆಗುತ್ತದೆ. ನಾವು ಹಿಂದಿನ ಬೋಗಿಯಲ್ಲಿ ಕೂತಿರುವುದರಿಂದ ನಮಗೆ ಕೂಗು ಮೊದಲು ಕೇಳಿಸುತ್ತದೆ, ಫಲಕ ಆಮೇಲೆ ಕಾಣಿಸುತ್ತದೆ!

ಹಾರ್ನ್ ಕೇಳಿದ ಕೂಡಲೇ ಪುಟ್ಟಿ ಒಂದು, ಎರಡು, ಮೂರು ಎಂದು ಎಣಿಸಲು ಶುರು ಮಾಡಬೇಕು. ಒಂದು ಬೋಗಿ ಸುಮಾರು 24 ಮೀಟರ್ ಉದ್ದ. ನೀವು ಎಂಜಿನ್ನಿನಿಂದ ಹತ್ತನೇ ಬೋಗಿಯಲ್ಲಿದ್ದು, ಗಾಡಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ, ಹತ್ತು ಹನ್ನೊಂದು ಎಣಿಸುವಷ್ಟರಲ್ಲಿ ಹಳದಿ ಫಲಕ ಕಿಟಕಿ ದಾಟಬೇಕು. ಇಪ್ಪತ್ತು ಎಣಿಸಿದರೂ ಬರಲಿಲ್ಲವೆಂದರೆ ಗಾಡಿ ನಿಧಾನವಾಗಿದೆ, ಇಲ್ಲವೇ ಫಲಕ ಆಚೆ ಬದಿಯ ಕಿಟಕಿಯಲ್ಲಿ ಹೋಯಿತು. ಫಲಕದ ಬೆನ್ನಿಗೇ ಗೇಟು ಬರುತ್ತದೆ, ಗೇಟಿನಾಚೆ ಬೈಕು, ಟ್ರ್ಯಾಕ್ಟರು ಕಾದಿರುತ್ತವೆ, ಅಲ್ಲಿ ನಿಂತವರಿಗೆ ಕೈ ಬೀಸಬಹುದು. ಕೇಳುವುದು, ಎಣಿಸುವುದು, ಕಾಯುವುದು, ಕಾಣುವುದು ಎಲ್ಲ ಅರ್ಧ ನಿಮಿಷದಲ್ಲಿ ಮುಗಿಯುತ್ತವೆ. ಮುಂದಿನ ಕೂಗು ಯಾವಾಗ ಬರುತ್ತದೋ ಗೊತ್ತಿಲ್ಲವಾದ್ದರಿಂದ ಕಿವಿ ಸದಾ ನೆಟ್ಟಗಿರುತ್ತದೆ. ಬೇರೆ ಆಟದ ನಡುವೆಯೂ ಇದು ನಡೆಯುತ್ತಿರುತ್ತದೆ. ಕೈ ಬೀಸುವಾಗ ಒಂದು ಎಚ್ಚರಿಕೆ: ಕಿಟಕಿಯಿಂದ ಯಾವುದೇ ಬಟ್ಟೆಯನ್ನು, ಮುಖ್ಯವಾಗಿ ಕೆಂಪು ಬಟ್ಟೆಯನ್ನು ಬೀಸಬಾರದು. ರೈಲ್ವೆಯಲ್ಲಿ ಅದು ಅಪಾಯದ ಸೂಚನೆ. ಕೈ ಬೀಸುವುದೂ ಕಂಬಿಯ ಒಳಗಿನಿಂದಲೇ ಆಗಬೇಕು. ಕಿಟಕಿಯ ಷಟರ್ ಎತ್ತಿದ್ದರೆ ಅದರ ಚಿಲಕ ಸರಿಯಾಗಿ ಕೂತಿದೆಯೇ ಎಂದು ಮೊದಲೇ ಎಳೆದು ನೋಡಿ. ಜಾರಿ ಬಿದ್ದರೆ ಪುಟ್ಟ ಬೆರಳು ಜಜ್ಜಿಹೋಗುತ್ತದೆ.

ಸ್ಟೇಷನ್ ಬಂದಾಗ ಪ್ಲಾಟ್‌ಫಾರಂ ತುದಿಯ ದೊಡ್ಡ ಹಳದಿ ಫಲಕವನ್ನು ಓದಿಸಿ. ಊರಿನ ಹೆಸರು ಮೂರು ಲಿಪಿಯಲ್ಲಿ ಇರುತ್ತದೆ, ಕೆಳಗೆ ಸಮುದ್ರ ಮಟ್ಟದಿಂದ ಆ ಜಾಗ ಎಷ್ಟು ಮೀಟರ್ ಎತ್ತರದಲ್ಲಿದೆ ಎಂದೂ ಇರುತ್ತದೆ. ಪುಟ್ಟಿ ತನಗೆ ಗೊತ್ತಿರುವ ಒಂದು ಕನ್ನಡ ಅಕ್ಷರ ಹುಡುಕಲಿ, ಅಮ್ಮ ಎತ್ತರದ ಅಂಕಿಯನ್ನು ದಾರಿಪಟ್ಟಿಯಲ್ಲಿ ಬರೆಯಲಿ. ಹಾಸನ, ಸಕಲೇಶಪುರಗಳಲ್ಲಿ ಬರೆದ ಅಂಕಿಯನ್ನು ಸುಬ್ರಹ್ಮಣ್ಯ ರೋಡಿನದರ ಪಕ್ಕ ಇಟ್ಟು ನೋಡಿದಾಗ, ಗಾಡಿ ಎಷ್ಟು ಕೆಳಗಿಳಿದು ಬಂತೆಂಬುದು ದೊಡ್ಡವರಿಗೂ ಅಚ್ಚರಿಯಾಗುವಂತೆ ಕಾಣುತ್ತದೆ.

ಘಾಟಿಯ ಆಟಕ್ಕೆ ಸಕಲೇಶಪುರದಲ್ಲೇ ತಯಾರಾಗಬೇಕು. ಇಳಿಜಾರಿಗೆ ಮುಂಚೆ ಬ್ರೇಕು ನೋಡುವುದಕ್ಕೆಂದು ಗಾಡಿ ಅಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತದೆ. ಮುಂದಿನ ಹಳಿ ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿಯುತ್ತ ಹೋಗುತ್ತದೆ. ದಾರಿಯಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಎಡಕುಮೇರಿ, ಶಿರಿಬಾಗಿಲುಗಳಂಥ ಸ್ಟೇಷನ್ನುಗಳ ಸುತ್ತ ಕಾಡು ಬಿಟ್ಟರೆ ಬೇರೇನಿಲ್ಲ. 2021ರಿಂದ ಈ ದಾರಿಯ ಹಗಲು ಗಾಡಿಗಳಿಗೆ ಅಗಲ ಗಾಜಿನ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಿದ್ದಾರೆ. ಮಗುವಿನ ಆಟಕ್ಕೆ ಮಾಮೂಲಿ ಕಿಟಕಿಯೇ ಸಾಕು. ಗಾಜಿಲ್ಲದ ಕಿಟಕಿಯಲ್ಲಿ ಸದ್ದು ಚೆನ್ನಾಗಿ ಕೇಳುತ್ತದೆ, ಅದು ಆಟಕ್ಕೆ ಬೇಕು.

ಒಂದು ರಟ್ಟಿನ ಮೇಲೆ ಸಾಲಿಗೆ ಹತ್ತರಂತೆ ಆರು ಸಾಲು ಚೌಕ ಬರೆದಿಟ್ಟುಕೊಳ್ಳಿ. ಕೊನೆಯ ಸಾಲಿನಲ್ಲಿ ಏಳೇ ಚೌಕ ಸಾಕು. ಒಂದು ಸುರಂಗಕ್ಕೆ ಒಂದು ಬಿಂದಿ. ಐದು ವರ್ಷದ ಮಗು ಐವತ್ತೇಳರವರೆಗೆ ಬಾಯಿಲೆಕ್ಕ ಹೇಳಬಹುದು, ಆದರೆ ನಡುವೆ ಎರಡು ನಿಮಿಷ ಬಿಡುವು ಬಂದರೆ ಲೆಕ್ಕ ಮರೆಯುತ್ತದೆ. ಹತ್ತರ ಸಾಲು ಮರೆಯುವುದಿಲ್ಲ. "ಒಂದು ಸಾಲು ತುಂಬಿತು, ಇನ್ನೊಂದರಲ್ಲಿ ನಾಲ್ಕು" ಎಂದು ಅವಳೇ ಹೇಳುತ್ತಾಳೆ. ಹತ್ತುಗಳನ್ನು ಬಿಡಿಗಳನ್ನು ಶಾಲೆಯಲ್ಲಿ ಕಲಿಸುವುದಕ್ಕೆ ಮುಂಚೆಯೇ ಅವಳು ಕಣ್ಣಾರೆ ಕಾಣುತ್ತಾಳೆ. ಚುಕ್ಕೆ ಅಂಟಿಸುವುದಕ್ಕೆ ಒಂದು ಗಳಿಗೆ ಮಾತ್ರ ಕಣ್ಣು ಕೆಳಗಿಳಿಯುತ್ತದೆ, ಉಳಿದಂತೆ ಹೊರಗೇ ಇರುತ್ತದೆ. ಗಾಡಿಯ ತಿರುವುಗಳಲ್ಲಿ ಇದರಿಂದ ಅನುಕೂಲ.

ಕತ್ತಲಾದ ಕೂಡಲೇ ಎಣಿಕೆ ಶುರುವಾಗಲಿ, ಬೆಳಕು ಬಂದ ಕೂಡಲೇ ನಿಲ್ಲಲಿ. ಐದು ಎಣಿಕೆಯ ಸುರಂಗಕ್ಕೆ ಚಿಕ್ಕ ಬಿಂದಿ, ಇಪ್ಪತ್ತು ದಾಟಿದ್ದಕ್ಕೆ ದೊಡ್ಡ ಬಿಂದಿ. ಎರಡು ಅಳತೆಯ ಹಾಳೆ ಒಯ್ಯಬೇಕಾದ್ದು ಇದಕ್ಕೇ. ಜೊತೆಗಿರುವ ದೊಡ್ಡವರು ಸುರಂಗದ ಉದ್ದವನ್ನೂ ಅಂದಾಜು ಮಾಡಬಹುದು. ಗಂಟೆಗೆ 30 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಎಂಟು ಮೀಟರಿಗಿಂತ ತುಸು ಹೆಚ್ಚು. ಇಪ್ಪತ್ತು ಸೆಕೆಂಡು ಕತ್ತಲಿದ್ದರೆ ಸುರಂಗ ಸುಮಾರು 165 ಮೀಟರ್. ಮಕ್ಕಳ ಎಣಿಕೆ ಗಡಿಯಾರಕ್ಕಿಂತ ಬೇಗ ಓಡುತ್ತದೆ ಎಂಬುದು ನೆನಪಿರಲಿ. ಬೋಗಿಯ ಮಕ್ಕಳೆಲ್ಲ ಸುರಂಗದೊಳಗೆ ಹೋ ಎಂದು ಕೂಗುವುದು ಈ ದಾರಿಯಲ್ಲಿ ಇದ್ದದ್ದೇ. ಪುಟ್ಟಿಯೂ ಕೂಗಲಿ. ಕತ್ತಲಿಗೆ ಹೆದರುವ ಮಗುವಾದರೆ ಮೊದಲ ನಾಲ್ಕೈದು ಸುರಂಗ ಅಜ್ಜಿಯ ಮಡಿಲಲ್ಲಿ ಕಳೆಯಲಿ. ಎಣಿಸುವ ಕೆಲಸ ಕೈಗೆ ಬಂದ ಮೇಲೆ ಹೆದರಿಕೆ ತಾನಾಗಿ ಹಿಂದೆ ಸರಿಯುತ್ತದೆ.

ಐವತ್ತೇಳನ್ನೂ ಯಾವ ಮಗುವೂ ಎಡೆಬಿಡದೆ ಎಣಿಸುವುದಿಲ್ಲ. ಇಪ್ಪತ್ತರ ಸುಮಾರಿಗೆ ಹಸಿವೋ ನಿದ್ದೆಯೋ ಬರುತ್ತದೆ. ಆಗ ಬಿಂದಿ ಹಾಕುವ ಕೆಲಸವನ್ನು ಅಮ್ಮ ವಹಿಸಿಕೊಳ್ಳಲಿ, ಬಿಟ್ಟುಹೋದದ್ದಕ್ಕೆ ಬೇಸರಿಸುವುದು ಬೇಡ. ಬದಲಿಗೆ ಕಣ್ಣು ಮುಚ್ಚಿ ಸದ್ದು ಗುರುತಿಸುವ ಆಟ ಆಡಿ. ಜಲ್ಲಿಯ ಮೇಲಿನ ಹಳಿಯಲ್ಲಿ ಗಾಡಿಯ ಸದ್ದು ಮೆತ್ತಗಿರುತ್ತದೆ. ಕಬ್ಬಿಣದ ತೊಲೆಗಳ ಸೇತುವೆಯ ಅಡಿಯಲ್ಲಿ ಜಲ್ಲಿಯಿಲ್ಲದ ಕಾರಣ ಸದ್ದು ಟೊಳ್ಳಾಗಿ, ಗಡಗಡ ಎಂದು ಏಳುತ್ತದೆ. ಸುರಂಗದಲ್ಲಿ ಅದೇ ಸದ್ದು ಗೋಡೆಗೆ ಬಡಿದು ಕಿವಿಗೆ ಮರಳುತ್ತದೆ. "ಈಗೆಲ್ಲಿದ್ದೀವಿ?" ಎಂದರೆ ಮುಚ್ಚಿದ ಕಣ್ಣಲ್ಲೇ "ಸೇತುವೆ!" ಎನ್ನಲು ಮಗು ಹತ್ತು ನಿಮಿಷದಲ್ಲಿ ಕಲಿಯುತ್ತದೆ. ಹೆಚ್ಚಾಗಿ ಈ ಆಟದ ನಡುವೆಯೇ ನಿದ್ದೆ ಹತ್ತುತ್ತದೆ.

ಸುಬ್ರಹ್ಮಣ್ಯ ರೋಡ್ ದಾಟಿ ಪುತ್ತೂರಿನ ಕಡೆ ಹೊರಟ ಮೇಲಿನ ಹೊತ್ತು ನನ್ನ ಅನುಭವದಲ್ಲಿ ಅತಿ ಕಷ್ಟದ್ದು. ಸುರಂಗ ಮುಗಿದಿದೆ, ಕರಾವಳಿಯ ಸೆಖೆ ಶುರುವಾಗಿದೆ, ಮೈಯೆಲ್ಲ ಬೆವರು. ಬಾಯಿಯ ಆಟಗಳನ್ನು ಇಲ್ಲಿಗೆಂದೇ ಉಳಿಸಿಡಬೇಕು. ಎಲ್ಲರೂ ಮೊದಲು ನೆನೆಯುವ ಅಂತ್ಯಾಕ್ಷರಿ ಐದು ವರ್ಷಕ್ಕೆ ಒಗ್ಗುವುದಿಲ್ಲ. ಮಗುವಿಗೆ ಬರುವ ಹಾಡುಗಳು ಕಡಿಮೆ. ಪದಗಳಲ್ಲಿ ಆಡೋಣವೆಂದರೆ 'ಬಾಳೆಹಣ್ಣು' ಎಂದ ಮೇಲೆ ಮುಂದಿನವರು ಣಕಾರದ ಪದ ಎಲ್ಲಿಂದ ತರಬೇಕು? ಅದರ ಬದಲು ಮೊದಲಕ್ಷರದ ಆಟ ಆಡಿ. 'ಕಾ' ಎಂದರೆ ಕಾಗೆ, ಕಾಲು, ಕಾಫಿ, ಕಾಡು, ಕಾರು, ಕಾಯಿ. 'ಮೀ' ಎಂದರೆ ಮೀನು, ಮೀಸೆ. ಓದು ಬರದಿದ್ದರೂ ಈ ವಯಸ್ಸಿನ ಕಿವಿಗೆ 'ಕಾ' ಬೇರೆ 'ಕಿ' ಬೇರೆ ಎಂದು ಕೇಳಿಸುತ್ತದೆ. ಸೋಲು ಗೆಲುವು ಬೇಡ. ಎಲ್ಲರೂ ಸೇರಿ ಐದು ಪದ ಸಿಕ್ಕಿದರೆ ಅಕ್ಷರ ಬದಲಿಸಿ.

ಮನಸ್ಸಿನಲ್ಲಿರುವ ಪ್ರಾಣಿಯನ್ನು ಕಂಡುಹಿಡಿಯುವ ಆಟ ಇನ್ನೂ ಒಳ್ಳೆಯದು, ಆದರೆ ಅದನ್ನು ಶುರು ಮಾಡುವ ಕ್ರಮವಿದೆ. ಪ್ರಶ್ನೆ ಕೇಳುವ ಕೆಲಸವನ್ನು ಮೊದಲೇ ಮಗುವಿಗೆ ಕೊಟ್ಟರೆ ಅದು ಸುಮ್ಮನೆ "ಆನೆನಾ? ಹುಲಿನಾ?" ಎಂದು ಹೆಸರು ಹೇಳುತ್ತ ಹೋಗಿ ಬೇಸತ್ತು ಬಿಡುತ್ತದೆ. ಮೊದಲೆರಡು ಸಲ ಪುಟ್ಟಿ ಪ್ರಾಣಿಯನ್ನು ನೆನೆಸಿಕೊಳ್ಳಲಿ, ಅಜ್ಜಿ ಕೇಳಲಿ.

"ನೀರಲ್ಲಿರುತ್ತೇನೇ?"

"ಇಲ್ಲ."

"ಹಾರುತ್ತಾ?"

"ಹೂಂ ಅಜ್ಜೀ, ಹಾರುತ್ತೆ!"

"ರಾತ್ರಿ ಎದ್ದಿರುತ್ತಾ, ಮಲಗುತ್ತಾ?"

ಪ್ರಶ್ನೆ ಹೇಗೆ ಕೇಳಬೇಕೆಂಬುದು ಪುಟ್ಟಿಗೆ ಅಜ್ಜಿಯನ್ನು ನೋಡಿಯೇ ಬರುತ್ತದೆ. ಆಮೇಲೆ ಪಾತ್ರ ಬದಲಿಸಿದರೆ ಆಟ ನಿಲ್ಲುತ್ತದೆ.

ತಪ್ಪು ಕಥೆ ಹೇಳುವುದು ಕೂಡ ಈ ವಯಸ್ಸಿಗೆ ತುಂಬ ಹಿಡಿಸುತ್ತದೆ. ಮಗುವಿಗೆ ಬಾಯಿಪಾಠವಾಗಿರುವ ಕಥೆಯನ್ನೇ ಆರಿಸಿಕೊಳ್ಳಬೇಕು. ಬಾಯಾರಿದ ಕಾಗೆ ಹೂಜಿ ಕಂಡಿತು, ನೀರು ತಳದಲ್ಲಿತ್ತು, ಆಗ ಕಾಗೆ ಏನು ಮಾಡಿತೆಂದರೆ, ಒಂದೊಂದೇ ಇಡ್ಲಿ ತಂದು ಹೂಜಿಗೆ ಹಾಕಿತು. ಪುಟ್ಟಿ ಕೂಡಲೇ ಎದ್ದು ನಿಂತು ತಿದ್ದುತ್ತಾಳೆ. ತಿದ್ದಿದ್ದನ್ನು ಒಪ್ಪಿಕೊಂಡು ನಾಲ್ಕು ವಾಕ್ಯ ಸರಿಯಾಗಿ ಹೇಳಿ, ಮತ್ತೆ ತಪ್ಪಿ. ಗೊತ್ತಿಲ್ಲದ ಹೊಸ ಕಥೆಯಲ್ಲಿ ಈ ಸುಖವಿಲ್ಲ, ಏಕೆಂದರೆ ತಪ್ಪು ಎಲ್ಲಿದೆ ಎಂದು ಮಗುವಿಗೆ ತಿಳಿಯುವುದಿಲ್ಲ.

ಇದೇ ಊರಿಗೆ ಕಾರಿನಲ್ಲಿ ಶಿರಾಡಿ ಘಾಟಿಯ ಮೇಲೆ ಹೋಗುವವರಿಗೆ ಲೆಕ್ಕ ಬೇರೆ. ಹಿಟ್ಟು, ಬಣ್ಣ, ಪುಸ್ತಕಗಳೆಲ್ಲ ಸಕಲೇಶಪುರದ ಒಳಗೇ ಮುಗಿಯಬೇಕು. ಆಮೇಲೆ ಕಣ್ಣು ಹೊರಗಿರಬೇಕು. ಮಗುವಿನ ಸೀಟು ಎತ್ತರವಾಗಿದ್ದು ಗಾಜಿನಾಚೆ ದೂರದವರೆಗೆ ಕಾಣುವಂತಿದ್ದರೆ ಅರ್ಧ ವಾಕರಿಕೆ ಅದರಿಂದಲೇ ತಪ್ಪುತ್ತದೆ. ಮುಂದೆ ಬರುವ ತಿರುವನ್ನು ಮೊದಲೇ ಕಂಡವರಿಗೆ ಹೊಟ್ಟೆ ತೊಳಸುವುದು ಕಡಿಮೆ. ಗಾಡಿ ಓಡಿಸುವವರಿಗೆ ವಾಕರಿಕೆ ಬರುವುದು ಅಪರೂಪವಾಗಿರುವುದಕ್ಕೂ ಇದೇ ಕಾರಣ. ಹಾಗಾಗಿ "ಮುಂದಿನ ತಿರುವು ಈ ಕಡೆಗೋ ಆ ಕಡೆಗೋ?" ಎಂದು ಕೇಳುತ್ತ, ತಿರುವಿನ ಕಡೆಗೆ ಕೈ ತೋರಿಸುವ ಆಟ ಘಾಟಿಗೆ ಹೇಳಿ ಮಾಡಿಸಿದ್ದು. ಆಗುಂಬೆಯ ಮೇಲೆ ಹೋಗುವವರಾದರೆ ಅಲ್ಲಿನ 14 ಹೇರ್‌ಪಿನ್ ತಿರುವುಗಳನ್ನು ಎಣಿಸಬಹುದು.

ವಾಕರಿಕೆ ಬರುತ್ತಿದೆ ಎಂದು ಐದು ವರ್ಷದ ಮಗು ಬಾಯಿಬಿಟ್ಟು ಹೇಳುವುದಿಲ್ಲ. ಹರಟುತ್ತಿದ್ದದ್ದು ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಆಕಳಿಸುತ್ತದೆ, ಜೊಲ್ಲು ನುಂಗತೊಡಗುತ್ತದೆ. ಬೇಸರವಾಗಿದೆಯೆಂದು ತಿಳಿದು ಪುಸ್ತಕ ಕೊಟ್ಟರೆ ಎರಡೇ ನಿಮಿಷದಲ್ಲಿ ವಾಂತಿ. ಆಟ ನಿಲ್ಲಿಸಿ, ಗಾಜಿಳಿಸಿ, ದೂರದ ಗುಡ್ಡ ನೋಡಲು ಹೇಳಿ, ಜಾಗ ಸಿಕ್ಕಿದ ಕಡೆ ಗಾಡಿ ನಿಲ್ಲಿಸಿ. ಪ್ರತಿ ಸಲವೂ ಹೀಗಾಗುವ ಮಗುವಾದರೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಆ ಔಷಧಿಗಳು ಪ್ರಯಾಣಕ್ಕೆ ಮುಂಚೆ ಕೊಟ್ಟರೆ ಕೆಲಸ ಮಾಡುವಂಥವು, ವಾಂತಿ ಶುರುವಾದ ಮೇಲೆ ಕೊಟ್ಟರೆ ಪ್ರಯೋಜನ ಕಡಿಮೆ. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ, ಎಣ್ಣೆ ತಿಂಡಿಯೂ ಒಳ್ಳೆಯದಲ್ಲ. ಓಡುವ ಕಾರಿನಲ್ಲಿ ಚೂಪು ಪೆನ್ಸಿಲ್, ಕಡ್ಡಿಯಿರುವ ಲಾಲಿಪಾಪ್ ಕೊಡಲೇಬಾರದು. ಒಂದು ಜೋರು ಬ್ರೇಕಿಗೆ ಅವು ಬಾಯಿಗೆ, ಕಣ್ಣಿಗೆ ಚುಚ್ಚುತ್ತವೆ.

ಮತ್ತೆ ರೈಲಿಗೆ ಬರೋಣ. ಬಂಟ್ವಾಳದ ಹತ್ತಿರ ನೇತ್ರಾವತಿ ದಾಟಿದ ಮೇಲೆ ಉಳಿಯುವುದು ಸ್ವಲ್ಪ ಹೊತ್ತು. ಆದರೆ ಮಂಗಳೂರು ಜಂಕ್ಷನ್ನಿನ ಹೊರಗೆ ಸಿಗ್ನಲಿಗೆಂದು ಗಾಡಿ ಸುಮ್ಮನೆ ನಿಲ್ಲುವುದುಂಟು. ಹೊರಗೆ ನೋಡಲು ಏನೂ ಇಲ್ಲ, ದೊಡ್ಡವರೆಲ್ಲ ಆಗಲೇ ಬ್ಯಾಗು ಇಳಿಸಿ ಬಾಗಿಲ ಕಡೆ ನೋಡುತ್ತಿರುತ್ತಾರೆ. ಅಲ್ಲಿಗೆ ನಾನು ಉಳಿಸುವುದು ಹುಣಸೆಬೀಜದ ಡಬ್ಬಿ. ಒಳಗೆ ಹತ್ತೇ ಬೀಜ. ಅಮ್ಮ ಕೆಲವನ್ನು ಮುಷ್ಟಿಯಲ್ಲಿ ಹಿಡಿದು ಎಷ್ಟೆಂದು ಕೇಳಬೇಕು, ಪುಟ್ಟಿ ಊಹಿಸಬೇಕು. ಮುಷ್ಟಿ ಬಿಚ್ಚಿ ಎಣಿಸಿದ ಮೇಲೆ ಡಬ್ಬಿಯಲ್ಲಿ ಎಷ್ಟು ಉಳಿದಿವೆ ಎಂಬುದನ್ನು ನೋಡದೆ ಹೇಳಬೇಕು. ದೊಡ್ಡ ಮಕ್ಕಳಿಗೆ ಇದೇ ಸರಿ-ಬೆಸ. ಜೊತೆಯಲ್ಲಿ ಎರಡು ಮೂರು ವರ್ಷದ ತಮ್ಮನೋ ತಂಗಿಯೋ ಇದ್ದರೆ ಬೀಜ ಬೇಡ, ಮೂಗಿಗೋ ಬಾಯಿಗೋ ಹೋಗುತ್ತದೆ, ದೊಡ್ಡ ಗುಂಡಿಗಳನ್ನು ಒಯ್ಯಿರಿ. ಗಾಡಿ ಮತ್ತೆ ಅಲುಗಿದ ಕೂಡಲೇ ಬೀಜ ಎಣಿಸಿ ಡಬ್ಬಿಗೆ ತುಂಬುವ ಕೆಲಸ ಪುಟ್ಟಿಯದು. ಹತ್ತಾಗುವವರೆಗೆ ಅವಳು ಸೀಟಿನಿಂದ ಏಳುವುದಿಲ್ಲ, ಅಷ್ಟರಲ್ಲಿ ಅಮ್ಮ ಚಪ್ಪಲಿ ಹುಡುಕಿಕೊಳ್ಳಬಹುದು.